ಹತ್ತಿಕಾಳಿನ ಹಿಂಡಿ ಮತ್ತು ಐಟಿಸಿ ರಿವರ್ಸಲ್: ಆದವಾನಿ ಸೀಮೆಯ ಎಣ್ಣೆ ಮಿಲ್ಲಿನ ಲೆಕ್ಕ

ಸರಕು ಮತ್ತು ಸೇವಾ ತೆರಿಗೆಯಲ್ಲಿ ವ್ಯಾಪಾರಿಯು ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ತನ್ನ ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಇದೇ ಹೂಡುವಳಿ ತೆರಿಗೆ ಜಮೆ. ಪೇಟೆಯ ಮಾತಿನಲ್ಲಿ ಐಟಿಸಿ, ಅಥವಾ ಬರೀ ಕ್ರೆಡಿಟ್. ಮುಂದೆ ತೆರಿಗೆ ಬೀಳುವ ಮಾರಾಟ ಇರುತ್ತದೆ ಎಂಬ ನಂಬಿಕೆಯ ಮೇಲೆ ಈ ಜಮೆ ನಿಂತಿದೆ. ಕೊಂಡ ಸರಕು ತೆರಿಗೆ ವಿನಾಯಿತಿಯ ಪದಾರ್ಥವಾಗಿ ಮಾರಾಟವಾದರೆ, ಇಲ್ಲವೇ ಸುಟ್ಟು, ಕೊಳೆತು, ಕಳುವಾಗಿ ಲೆಕ್ಕದಿಂದ ಹೋದರೆ ಆ ನಂಬಿಕೆ ಮುರಿಯುತ್ತದೆ. ಆಗ ಪಡೆದ ಜಮೆಯನ್ನು ಸರ್ಕಾರಕ್ಕೆ ಹಿಂತಿರುಗಿಸಬೇಕು. ಅದಕ್ಕೆ ರಿವರ್ಸಲ್ ಎನ್ನುತ್ತಾರೆ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 17ನೇ ಕಲಂ ಎರಡಕ್ಕೂ ಮೂಲ. ವಿನಾಯಿತಿ ಮಾರಾಟದ ಮಾತು 17(2)ರಲ್ಲಿದೆ, ಹಾಳಾದ ಸರಕಿನ ಮಾತು 17(5)ರ ಎಚ್ ಖಂಡದಲ್ಲಿದೆ. ಲೆಕ್ಕ ಹಾಕುವ ಬಗೆ 42 ಮತ್ತು 43ನೇ ನಿಯಮಗಳಲ್ಲಿದೆ.

ಈ ಕಲಂ ದಿನನಿತ್ಯದ ವ್ಯವಹಾರದಲ್ಲಿ ಹೇಗೆ ನಡೆಯುತ್ತದೆ ಎಂದು ನೋಡಲು ಹತ್ತಿಕಾಳಿನ ಎಣ್ಣೆ ಮಿಲ್ಲಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಅಲ್ಲಿ ಒಂದೇ ಕಾಳಿನಿಂದ ಎರಡು ಪದಾರ್ಥ ಹುಟ್ಟುತ್ತವೆ. ಎಣ್ಣೆಗೆ ತೆರಿಗೆ ಇದೆ, ಹಿಂಡಿಗೆ ಇಲ್ಲ.

ಹತ್ತಿಯ ಸೀಮೆ

ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚು ಕರ್ನಾಟಕಕ್ಕೆ ತಾಗಿಕೊಂಡಿದೆ. ಅಲ್ಲಿನ ಆದವಾನಿ, ಅಂದರೆ ಇಂದಿನ ಆದೋನಿ, ಮತ್ತು ಆಲೂರು ತಾಲ್ಲೂಕುಗಳು 1953ರಲ್ಲಿ ಆಂಧ್ರ ರಾಜ್ಯ ಆಗುವವರೆಗೂ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಪೆದ್ದಹರಿವಾಣಂನಂಥ ಊರುಗಳಲ್ಲಿ ಕನ್ನಡ ಇಂದಿಗೂ ಮನೆಯ ಮಾತು. ಎರೆನೆಲದಲ್ಲಿ ಹತ್ತಿ, ಕೆಂಪು ನೆಲದಲ್ಲಿ ಶೇಂಗಾ ಇಲ್ಲಿನ ಬೆಳೆ. ಆದವಾನಿಯ ಮಾರುಕಟ್ಟೆ ಯಾರ್ಡು ಆಂಧ್ರದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಒಂದು. ಯಾರ್ಡಿನ ಸುತ್ತ ಜಿನ್ನಿಂಗ್ ಫ್ಯಾಕ್ಟರಿ, ಪ್ರೆಸ್ಸಿಂಗ್ ಫ್ಯಾಕ್ಟರಿ, ಎಣ್ಣೆ ಮಿಲ್ಲುಗಳು ಬೆಳೆದಿವೆ. ಗಡಿಯಾಚೆಯ ಸಿರುಗುಪ್ಪ, ಬಳ್ಳಾರಿ, ರಾಯಚೂರುಗಳ ಜೊತೆ ಸರಕಿನ ಓಡಾಟ ಸಹಜ. ಹೀಗಾಗಿ ಒಂದೇ ಮಿಲ್ಲಿನ ಖರೀದಿ ಕಡತದಲ್ಲಿ ಆಂಧ್ರದೊಳಗಿನ ಬಿಲ್ಲಿನ ಕೇಂದ್ರ ಮತ್ತು ರಾಜ್ಯ ತೆರಿಗೆಯೂ ಕರ್ನಾಟಕದಿಂದ ಬಂದ ಕಾಳಿನ ಐಜಿಎಸ್‌ಟಿಯೂ ಕೂಡಿರಬಹುದು. ರಿವರ್ಸಲ್ ಲೆಕ್ಕವನ್ನು ಈ ಮೂರಕ್ಕೂ ಬೇರೆಬೇರೆಯಾಗಿಯೇ ಹಾಕಬೇಕು. ಮೂರನ್ನೂ ಕೂಡಿಸಿ ಒಂದೇ ಮೊತ್ತ ತೆಗೆದು ಕೊನೆಗೆ ಹಂಚುವುದು ತಪ್ಪು.

ಹೊಲದಿಂದ ಬಂದ ಹತ್ತಿಯನ್ನು ಜಿನ್ ಮಾಡಿದಾಗ ತೂಕದ ಸುಮಾರು ಮೂರನೇ ಒಂದು ಭಾಗ ಅರಳೆ, ಉಳಿದದ್ದು ಬಹುಪಾಲು ಕಾಳು. ಆ ಕಾಳನ್ನು ಎಕ್ಸ್‌ಪೆಲ್ಲರಿಗೆ ಹಾಕಿದರೆ ನೂರು ಕ್ವಿಂಟಲಿಗೆ ಹತ್ತು ಹನ್ನೆರಡು ಕ್ವಿಂಟಲ್ ಎಣ್ಣೆ ಬರುತ್ತದೆ, ಎಂಬತ್ತಕ್ಕೂ ಮೇಲೆ ಹಿಂಡಿ ಬರುತ್ತದೆ, ಮಿಕ್ಕದ್ದು ದೂಳು ಮತ್ತು ತೇವದಲ್ಲಿ ಹೋಗುತ್ತದೆ. ಎಣ್ಣೆ ದುಬಾರಿಯಾದರೂ ಹಿಂಡಿಯ ಪ್ರಮಾಣ ಅಷ್ಟು ದೊಡ್ಡದಾದ್ದರಿಂದ, ಮಿಲ್ಲಿನ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂಡಿಯಿಂದಲೇ ಬರುವುದು ಸಾಮಾನ್ಯ. ಇಡೀ ತೊಡಕು ಹುಟ್ಟುವುದು ಇಲ್ಲಿ.

ಹಿಂಡಿಗೆ ವಿನಾಯಿತಿ ಬಂದದ್ದು

ಜಿಎಸ್‌ಟಿ ಶುರುವಾದ 2017ರ ಜುಲೈನಲ್ಲಿ ದನಗಳ ಮೇವಾಗಿ ಬಳಸುವ ಹಿಂಡಿಗೆ ತೆರಿಗೆ ಇರಲಿಲ್ಲ, ಬೇರೆ ಉಪಯೋಗಕ್ಕೆ ಶೇ. 5 ಇತ್ತು. ಕೊಂಡವನು ಹಿಂಡಿಯನ್ನು ಏನು ಮಾಡುತ್ತಾನೆ ಎಂದು ಮಾರುವವನು ಹೇಗೆ ತಿಳಿಯಬೇಕು? ಈ ಗೊಂದಲ ಹೆಚ್ಚು ಕಾಲ ನಿಲ್ಲಲಿಲ್ಲ. 2017ರ ಸೆಪ್ಟೆಂಬರ್ 9ರಂದು ಹೈದರಾಬಾದಿನಲ್ಲಿ ಸೇರಿದ ಜಿಎಸ್‌ಟಿ ಮಂಡಳಿಯ 21ನೇ ಸಭೆ, ಹತ್ತಿಕಾಳಿನ ಹಿಂಡಿಗೆ ಯಾವ ಉಪಯೋಗವೇ ಇರಲಿ ತೆರಿಗೆ ಬೇಡ, ಉಳಿದ ಎಣ್ಣೆಕಾಳುಗಳ ಹಿಂಡಿಗೆ ಯಾವ ಉಪಯೋಗವಿದ್ದರೂ ಶೇ. 5 ಇರಲಿ ಎಂದು ಶಿಫಾರಸು ಮಾಡಿತು. ಅದೇ ತಿಂಗಳ 22ರ ಅಧಿಸೂಚನೆ ಅದನ್ನು ಜಾರಿಗೆ ತಂದಿತು. ಅಂದಿನಿಂದ ಆದವಾನಿಯಂಥ ಊರಿನಲ್ಲಿ ಅಕ್ಕಪಕ್ಕದ ಎರಡು ಮಿಲ್ಲುಗಳ ಲೆಕ್ಕ ಬೇರೆಯಾಯಿತು. ಶೇಂಗಾ ಅರೆಯುವವನ ಎಣ್ಣೆಗೂ ಹಿಂಡಿಗೂ ತೆರಿಗೆ ಬೀಳುವುದರಿಂದ ಅವನಿಗೆ ರಿವರ್ಸಲ್ ಇಲ್ಲ. ಹತ್ತಿಕಾಳು ಅರೆಯುವವನಿಗೆ ಪ್ರತಿ ತಿಂಗಳೂ ಇದೆ.

ವಿನಾಯಿತಿ ಬೇಡ, ಹಿಂಡಿಗೂ ಶೇ. 5 ಹಾಕಿ ಮಾರಿ ಪೂರ್ತಿ ಜಮೆ ಉಳಿಸಿಕೊಳ್ಳುತ್ತೇನೆ ಎಂದರೆ ಕಾನೂನು ಒಪ್ಪುವುದಿಲ್ಲ. ಷರತ್ತಿಲ್ಲದೆ ಪೂರ್ಣವಾಗಿ ಕೊಟ್ಟ ವಿನಾಯಿತಿಯ ಸರಕಿನ ಮೇಲೆ ನೋಂದಾಯಿತ ವ್ಯಾಪಾರಿ ತೆರಿಗೆ ವಸೂಲಿ ಮಾಡಕೂಡದು ಎಂದು 11ನೇ ಕಲಮಿನ ವಿವರಣೆ ಸ್ಪಷ್ಟವಾಗಿ ಹೇಳುತ್ತದೆ. ರಫ್ತಿನ ಮಾತು ಬೇರೆ. ವಿನಾಯಿತಿಯ ಸರಕಾದರೂ ಹೊರದೇಶಕ್ಕೆ ಹೋದರೆ ಅದು ಶೂನ್ಯ ದರದ ಪೂರೈಕೆ. ಅದಕ್ಕೆ ಬಳಸಿದ ಹೂಡುವಳಿಯ ಜಮೆ ಉಳಿಯುತ್ತದೆ.

ಉಪಉತ್ಪನ್ನ ಎಂಬ ವಾದ

ಎಣ್ಣೆ ಮಿಲ್ಲಿನವರು ಮೊದಲಿನಿಂದಲೂ ಒಂದು ವಾದ ಹೂಡುತ್ತ ಬಂದಿದ್ದಾರೆ. ನಾವು ಕಾಳು ಕೊಳ್ಳುವುದು ಎಣ್ಣೆಗಾಗಿ. ಹಿಂಡಿ ತಾನಾಗಿಯೇ ಉಳಿಯುವ ಪದಾರ್ಥ. ಒಂದು ಕಾಳನ್ನೂ ಹಿಂಡಿಗೆಂದು ಬೇರೆ ಇಟ್ಟಿಲ್ಲ. ಇಡೀ ಕಾಳು ಎಣ್ಣೆಯ ತಯಾರಿಕೆಗೇ ಬಳಕೆಯಾದಾಗ ಜಮೆಯನ್ನು ಒಡೆಯುವುದೇಕೆ?

ಇದಕ್ಕೆ ಉತ್ತರ ಕರ್ನಾಟಕದ ಪ್ರಕರಣವೊಂದರಲ್ಲಿ ಬಂತು. ವ್ಯಾಟ್ ಕಾಲದಲ್ಲಿ ಎಂ.ಕೆ. ಅಗ್ರೋಟೆಕ್ ಕಂಪನಿ ಸೂರ್ಯಕಾಂತಿ ಹಿಂಡಿಯನ್ನು ಕೊಂಡು, ದ್ರಾವಕದಿಂದ ಅದರಲ್ಲಿ ಉಳಿದಿದ್ದ ಎಣ್ಣೆ ತೆಗೆದು ಮಾರುತ್ತಿತ್ತು. ಎಣ್ಣೆಗೆ ತೆರಿಗೆ ಇತ್ತು, ಎಣ್ಣೆ ತೆಗೆದ ಹಿಂಡಿಗೆ ಇರಲಿಲ್ಲ. ಕರ್ನಾಟಕ ಹೈಕೋರ್ಟು ಕಂಪನಿಯ ವಾದವನ್ನು ಒಪ್ಪಿತ್ತು. ಸುಪ್ರೀಂ ಕೋರ್ಟು 2017ರ ಸೆಪ್ಟೆಂಬರ್‌ನಲ್ಲಿ ಆ ತೀರ್ಪನ್ನು ತಿರುಗಿಸಿತು. ತಯಾರಕನ ಉದ್ದೇಶ ಯಾವುದು, ಯಾವುದು ಮುಖ್ಯ ಪದಾರ್ಥ, ಯಾವುದು ಉಪಉತ್ಪನ್ನ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಹೂಡುವಳಿಯಿಂದ ತೆರಿಗೆ ಬೀಳುವ ಮತ್ತು ಬೀಳದ ಎರಡೂ ಮಾರಾಟ ನಡೆದಿದ್ದರೆ ಜಮೆ ಭಾಗಶಃ ಮಾತ್ರ ಎಂಬುದು ತೀರ್ಪಿನ ಸಾರ. ಇದೇ ಪ್ರಶ್ನೆ ಉತ್ತರ ಪ್ರದೇಶದಿಂದ ಮೋದಿ ನ್ಯಾಚುರಲ್ಸ್ ಪ್ರಕರಣದಲ್ಲಿ ಅಕ್ಕಿ ತೌಡಿನ ಎಣ್ಣೆಯ ಬಗ್ಗೆ ಹೋದಾಗ 2023ರಲ್ಲಿ ಅದೇ ಕೋರ್ಟು ವ್ಯಾಪಾರಿಯ ಪರ ನಿಂತಿತು. ಆದರೆ ಅದಕ್ಕೆ ಕಾರಣ ಉತ್ತರ ಪ್ರದೇಶದ ವ್ಯಾಟ್ ಕಾಯ್ದೆ ಉಪಉತ್ಪನ್ನದ ಬಗ್ಗೆ ಪ್ರತ್ಯೇಕವಾಗಿ ಬರೆದಿದ್ದ ಮಾತು. ಜಿಎಸ್‌ಟಿಯ 17(2)ರಲ್ಲಿ ಅಂಥ ಮಾತಿಲ್ಲ. ಅದರ ಪದಜೋಡಣೆ ಕರ್ನಾಟಕದ ಹಳೆಯ ಕಾಯ್ದೆಗೆ ಹತ್ತಿರ. ಹೀಗಾಗಿ ಹಿಂಡಿ ಉಪಉತ್ಪನ್ನ ಎಂದು ನಂಬಿ ರಿವರ್ಸಲ್ ಮಾಡದೆ ಕೂರುವ ಮಿಲ್ಲು ದುರ್ಬಲ ನೆಲದ ಮೇಲೆ ನಿಂತಿದೆ ಎಂದೇ ಹೇಳಬೇಕು.

ತಿಂಗಳ ಲೆಕ್ಕ

42ನೇ ನಿಯಮ ಮಾಡುವ ಕೆಲಸ ಎರಡೇ. ಮೊದಲು, ಯಾವ ತೆರಿಗೆ ಸಂಪೂರ್ಣವಾಗಿ ಯಾವುದಕ್ಕೆ ಸೇರಿದ್ದು ಎಂದು ಗೊತ್ತಿದೆಯೋ ಅದನ್ನು ಬದಿಗೆ ತೆಗೆಯುತ್ತದೆ. ಆಮೇಲೆ ಬೇರ್ಪಡಿಸಲಾಗದೆ ಉಳಿದದ್ದನ್ನು ಮಾರಾಟದ ಬೆಲೆಯ ಪ್ರಮಾಣದಲ್ಲಿ ಒಡೆಯುತ್ತದೆ. ನಿಯಮದ ಅಕ್ಷರಗಳಲ್ಲಿ ಅದು ಹೀಗಿದೆ:

```
C1 = T − (T1 + T2 + T3)
C2 = C1 − T4
D1 = (E ÷ F) × C2
C3 = C2 − (D1 + D2)
```

T ತಿಂಗಳ ಒಟ್ಟು ಹೂಡುವಳಿ ತೆರಿಗೆ. T1 ವ್ಯಾಪಾರಕ್ಕಲ್ಲದ ಬಳಕೆಯದು, T2 ವಿನಾಯಿತಿ ಮಾರಾಟಕ್ಕೆ ಮಾತ್ರ ಸೇರಿದ್ದು, T3 ಕಾನೂನೇ 17(5)ರಲ್ಲಿ ತಡೆದದ್ದು, T4 ತೆರಿಗೆ ಬೀಳುವ ಮಾರಾಟಕ್ಕೆ ಮಾತ್ರ ಸೇರಿದ್ದು. C2 ಎಂಬುದು ಸಾಮಾನ್ಯ ಜಮೆ. E ವಿನಾಯಿತಿ ಮಾರಾಟದ ಮೊತ್ತ, F ಆ ರಾಜ್ಯದ ನೋಂದಣಿಯ ಒಟ್ಟು ಮಾರಾಟ. D2 ಭಾಗಶಃ ಸ್ವಂತ ಬಳಕೆ ಇದ್ದಾಗ ಹಿಡಿಯುವ ಶೇ. 5. ಮಿಲ್ಲಿನಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.

ಆದವಾನಿಯಲ್ಲಿ ಒಂದು ಮಿಲ್ಲನ್ನು ಕಲ್ಪಿಸಿಕೊಳ್ಳೋಣ. ಅದು ಒಂದು ತಿಂಗಳಲ್ಲಿ 60,00,000 ರೂಪಾಯಿಯ ಹತ್ತಿಕಾಳು ಕೊಳ್ಳುತ್ತದೆ, ಶೇ. 5ರಂತೆ ತೆರಿಗೆ 3,00,000. ಎಕ್ಸ್‌ಪೆಲ್ಲರಿನ ಬಿಡಿಭಾಗ ಮತ್ತು ದುರಸ್ತಿಯ ಮೇಲೆ ತೆರಿಗೆ 9,000. ಎಣ್ಣೆ ತುಂಬುವ ಡಬ್ಬಗಳ ಮೇಲೆ 15,000, ಹಿಂಡಿ ತುಂಬುವ ಚೀಲಗಳ ಮೇಲೆ 6,000. ಜೊತೆಗೆ ಕಾನೂನು ತಡೆದಿರುವ ಊಟೋಪಚಾರದ ಬಿಲ್ಲಿನ 2,000. ಒಟ್ಟು T 3,32,000.

ಚೀಲದ 6,000 T2. ಊಟದ 2,000 T3. ಇವೆರಡನ್ನು ಕಳೆದರೆ C1 3,24,000. ಡಬ್ಬದ 15,000 ಪೂರ್ತಿ ಎಣ್ಣೆಗೇ ಸೇರಿದ್ದರಿಂದ T4. ಅದನ್ನೂ ಕಳೆದರೆ C2 3,09,000. ಇದರಲ್ಲಿ ಕಾಳಿನ ತೆರಿಗೆ ಮತ್ತು ಯಂತ್ರದ ಖರ್ಚಿನ ತೆರಿಗೆ ಕೂಡಿಕೊಂಡಿವೆ. ಇದರಲ್ಲಿ ಎಣ್ಣೆಗೆ ಎಷ್ಟು, ಹಿಂಡಿಗೆ ಎಷ್ಟು ಎಂದು ಯಾರೂ ಬೆರಳಿಟ್ಟು ತೋರಿಸಲಾರರು.

ಆ ತಿಂಗಳ ಎಣ್ಣೆ ಮಾರಾಟ 24,00,000, ಹಿಂಡಿ ಮಾರಾಟ 40,00,000 ಎಂದುಕೊಳ್ಳೋಣ. E ನಲವತ್ತು ಲಕ್ಷ, F ಅರವತ್ನಾಲ್ಕು ಲಕ್ಷ, ಪ್ರಮಾಣ ಶೇ. 62.5. D1 ಆಗುವುದು 1,93,125. GSTR-3B ಫಾರಮ್ಮಿನಲ್ಲಿ 4(A)ಯಲ್ಲಿ ಮೊದಲು ಪೂರ್ತಿ 3,32,000 ತೋರಿಸಿ, 4(B)(1)ರಲ್ಲಿ T2, T3 ಮತ್ತು D1 ಮೂರನ್ನೂ ಕೂಡಿಸಿದ 2,01,125 ತೋರಿಸಬೇಕು. ಉಳಿಯುವ ಜಮೆ 1,30,875. ಎಣ್ಣೆಯ ಮೇಲಿನ ತೆರಿಗೆ 1,20,000 ಅದರಲ್ಲಿ ತೀರಿ 10,875 ಮುಂದಿನ ತಿಂಗಳಿಗೆ ಹೋಗುತ್ತದೆ. 4(B)(1) ಮತ್ತೆ ಸಿಗದ ಜಮೆಯ ಸಾಲು. ಮುಂದೆ ಮರಳಿ ಪಡೆಯಬಹುದಾದ ತಾತ್ಕಾಲಿಕ ರಿವರ್ಸಲ್‌ಗೆ 4(B)(2) ಇದೆ. 2022ರ ಜುಲೈ 6ರ ಸುತ್ತೋಲೆ ಇದನ್ನು ಬಿಡಿಸಿ ಹೇಳಿದ ಮೇಲೂ ಎರಡನ್ನೂ ಅದಲುಬದಲು ಮಾಡುವವರಿದ್ದಾರೆ. 42ನೇ ನಿಯಮದ ಮೊತ್ತವನ್ನು ಎರಡನೆಯ ಸಾಲಿನಲ್ಲಿ ತೋರಿಸಿದರೆ ಅದು ಮರಳಿ ಪಡೆಯುವ ಪಟ್ಟಿಯಲ್ಲಿ ಸುಮ್ಮನೆ ಬೆಳೆಯುತ್ತ ಹೋಗಿ ಮುಂದೆ ಪ್ರಶ್ನೆಗೆ ದಾರಿಯಾಗುತ್ತದೆ.

ಈ ಅಂಕಿಗಳಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಹಿಂಡಿಯ ಪಾಲಿಗೆ ಹಿಂತಿರುಗಿದ ತೆರಿಗೆ D1 ಮತ್ತು ಚೀಲದ ತೆರಿಗೆ ಸೇರಿ 1,99,125. ನಲವತ್ತು ಲಕ್ಷದ ಹಿಂಡಿಯ ಮೇಲೆ ಇದು ಹೆಚ್ಚುಕಡಿಮೆ ಶೇ. 5. ಬಿಲ್ಲಿನಲ್ಲಿ ಹಿಂಡಿಗೆ ತೆರಿಗೆ ಶೂನ್ಯ. ಆದರೆ ಮಿಲ್ಲಿನವನ ಕೈಯಿಂದ ಹೋದ ಈ ಹಣ ಹಿಂಡಿಯ ಬೆಲೆಯಲ್ಲೋ ಅವನ ಲಾಭದಲ್ಲೋ ಎಲ್ಲಾದರೂ ಕೂರಲೇಬೇಕು. ಎಮ್ಮೆಗೆ ಹಿಂಡಿ ಕೊಳ್ಳುವ ರೈತನಿಗೆ ತೆರಿಗೆಯಿಲ್ಲದ ಮೇವು ಸಿಗಲಿ ಎಂದು ಕೊಟ್ಟ ವಿನಾಯಿತಿಯ ಬಹುಪಾಲು ಹೀಗೆ ದಾರಿಯಲ್ಲೇ ಕರಗುತ್ತದೆ. ಕೊಂಡ ಸರಕಿಗೂ ಶೇ. 5 ತೆರಿಗೆ ಇರುವಾಗ, ಮಾರುವ ಸರಕಿಗೆ ವಿನಾಯಿತಿ ಕೊಟ್ಟರೆ ತೆರಿಗೆ ಇಳಿಯುವುದು ಮಿಲ್ಲು ಕೂಡಿಸಿದ ಮೌಲ್ಯದ ಮೇಲೆ ಮಾತ್ರ. ಎಣ್ಣೆ ಮಿಲ್ಲಿನಲ್ಲಿ ಆ ಮೌಲ್ಯ ತೀರಾ ತೆಳು.

ಅರಳೆ, ಎಣ್ಣೆ, ಹಿಂಡಿ ಒಂದೇ ನೋಂದಣಿಯಲ್ಲಿ ಇದ್ದಾಗ

ಜಿನ್ನಿಂಗನ್ನೂ ಎಣ್ಣೆ ತೆಗೆಯುವುದನ್ನೂ ಒಂದೇ ನೋಂದಣಿಯಲ್ಲಿ ನಡೆಸುವವರ ಲೆಕ್ಕ ಇನ್ನೂ ಹಿಂದಿನಿಂದ ಶುರುವಾಗುತ್ತದೆ. 2017ರ ನವೆಂಬರ್ 15ರಿಂದ ರೈತರಿಂದ ಹಸಿ ಹತ್ತಿ ಕೊಳ್ಳುವ ನೋಂದಾಯಿತ ವ್ಯಾಪಾರಿ ರಿವರ್ಸ್ ಚಾರ್ಜ್ ಪ್ರಕಾರ ತಾನೇ ಶೇ. 5 ತೆರಿಗೆ ಕಟ್ಟಬೇಕು. ಕಟ್ಟಿದ ತೆರಿಗೆ ಅವನಿಗೇ ಜಮೆಯಾಗುತ್ತದೆ. ಕಾಳನ್ನು ಕಾಳಾಗಿಯೇ ಮಾರಿದರೆ ಅದಕ್ಕೂ ಅರಳೆಗೂ ತೆರಿಗೆ ಇರುವುದರಿಂದ ರಿವರ್ಸಲ್ ಪ್ರಶ್ನೆಯೇ ಬರುವುದಿಲ್ಲ. ಅದೇ ಕಾಳನ್ನು ತಾನೇ ಅರೆದರೆ ಹತ್ತಿಯ ಮೇಲೆ ಕಟ್ಟಿದ ಇಡೀ ತೆರಿಗೆ ಸಾಮಾನ್ಯ ಜಮೆಯ ಸಾಲಿಗೆ ಬಂದುಬಿಡುತ್ತದೆ. ಏಕೆಂದರೆ ಅದೇ ಹತ್ತಿಯಿಂದ ಅರಳೆ, ಎಣ್ಣೆ, ಹಿಂಡಿ ಮೂರೂ ಹುಟ್ಟಿವೆ.

ಒಂದು ಕೋಟಿ ರೂಪಾಯಿಯ ಹತ್ತಿಗೆ ಕಟ್ಟಿದ ತೆರಿಗೆ 5,00,000. ಅದರಿಂದ 75 ಲಕ್ಷದ ಅರಳೆ, 13 ಲಕ್ಷದ ಎಣ್ಣೆ, 24 ಲಕ್ಷದ ಹಿಂಡಿ ಮಾರಾಟವಾಯಿತು ಎಂದರೆ ಪ್ರಮಾಣ 112ರಲ್ಲಿ 24, ಸುಮಾರು ಶೇ. 21.4. ಹಿಂತಿರುಗಿಸಬೇಕಾದದ್ದು ಸುಮಾರು 1,07,143. ಇಲ್ಲಿ ಕೆಲವರು ಅರಳೆಯ ಮಾರಾಟವನ್ನು ಛೇದದಲ್ಲಿ ಸೇರಿಸಲು ಮರೆತು ಎಣ್ಣೆ ಮತ್ತು ಹಿಂಡಿಯನ್ನು ಮಾತ್ರ ಹಿಡಿಯುತ್ತಾರೆ. ಆಗ ಪ್ರಮಾಣ ಶೇ. 65ರ ಹತ್ತಿರಕ್ಕೆ ಏರಿ ಮೂರು ಪಟ್ಟು ಜಮೆ ಕೈತಪ್ಪುತ್ತದೆ. F ಎಂದರೆ ಆ ನೋಂದಣಿಯ ಎಲ್ಲ ಮಾರಾಟ, ಒಂದು ವಿಭಾಗದ್ದಲ್ಲ. E ಕೂಡ ಹಾಗೆಯೇ. ಮಿಲ್ಲು ಆ ವರ್ಷ ಒಂದು ತುಂಡು ಜಾಗ ಮಾರಿದ್ದರೆ ಅದರ ಮುದ್ರಾಂಕ ಶುಲ್ಕದ ಮೌಲ್ಯವೂ E ಒಳಗೆ ಬಂದು ಕೂರುತ್ತದೆ, ಹತ್ತಿಗೂ ಜಾಗಕ್ಕೂ ಏನೂ ಸಂಬಂಧವಿಲ್ಲದಿದ್ದರೂ.

ಯಂತ್ರಗಳಿಗೆ 43ನೇ ನಿಯಮ. ಇಪ್ಪತ್ತು ಲಕ್ಷದ ಎಕ್ಸ್‌ಪೆಲ್ಲರಿಗೆ ಶೇ. 18ರಂತೆ ಕೊಟ್ಟ 3,60,000 ತೆರಿಗೆಯನ್ನು 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 6,000. ಹಿಂಡಿಯ ಪ್ರಮಾಣ ಶೇ. 62.5 ಇದ್ದ ತಿಂಗಳಲ್ಲಿ ಅದರಲ್ಲಿ 3,750 ಹಿಂತಿರುಗುತ್ತದೆ. ಐದು ವರ್ಷ ಪ್ರತಿ ತಿಂಗಳೂ ಇದನ್ನು ಮರೆಯದೆ ಮಾಡಬೇಕು. ಲೆಕ್ಕ ಬರೆಯುವ ಗುಮಾಸ್ತ ಬದಲಾದಾಗ ಮೊದಲು ತಪ್ಪಿಹೋಗುವುದು ಈ ಸಾಲು.

ವರ್ಷದ ಕೊನೆಯ ತಾಳೆ

ತಿಂಗಳ ಪ್ರಮಾಣ ನಂಬುವಂಥದ್ದಲ್ಲ. ಹತ್ತಿಯ ಹಂಗಾಮಿನಲ್ಲಿ ಮಿಲ್ಲು ರಾಶಿ ರಾಶಿ ಕಾಳು ಕೊಳ್ಳುತ್ತದೆ. ಎಣ್ಣೆ ಬೇಗ ಬಿಕರಿಯಾಗುತ್ತದೆ. ಬೇಸಿಗೆಯಲ್ಲಿ ಮೇವು ಕಡಿಮೆಯಾದಾಗ ಬೆಲೆ ಏರುತ್ತದೆಂದು ಹಿಂಡಿಯನ್ನು ಗೋದಾಮಿನಲ್ಲಿ ಇಡುವುದುಂಟು. ಹೀಗಾದಾಗ ಜಮೆ ಹೆಚ್ಚು ಬಂದ ತಿಂಗಳಲ್ಲೇ ಹಿಂಡಿಯ ಮಾರಾಟ ಕಡಿಮೆ ಇರುತ್ತದೆ, D1 ಸಣ್ಣದಾಗಿ ಕಾಣುತ್ತದೆ. ಹಿಂಡಿ ಮಾರಾಟವಾಗುವ ತಿಂಗಳಲ್ಲಿ ಖರೀದಿಯೇ ಇಲ್ಲದೆ ಒಡೆಯಲು ಜಮೆ ಇರುವುದಿಲ್ಲ. ಇದನ್ನು ಸರಿಪಡಿಸಲೆಂದೇ ನಿಯಮ ಇಡೀ ವರ್ಷದ ಅಂಕಿಗಳಿಂದ ಇನ್ನೊಮ್ಮೆ ಲೆಕ್ಕ ಹಾಕಿಸುತ್ತದೆ.

ವರ್ಷದ ಒಟ್ಟು ಸಾಮಾನ್ಯ ಜಮೆ 24,00,000, ವರ್ಷದ ಪ್ರಮಾಣ ಶೇ. 60 ಎಂದರೆ ಹಿಂತಿರುಗಿಸಬೇಕಾದದ್ದು 14,40,000. ತಿಂಗಳುಗಳಲ್ಲಿ ಮಾಡಿದ್ದರ ಮೊತ್ತ 13,80,000 ಆಗಿದ್ದರೆ 60,000 ಕೊರತೆ. ಇದನ್ನು ಮುಂದಿನ ಸೆಪ್ಟೆಂಬರ್ ತಿಂಗಳೊಳಗಿನ ರಿಟರ್ನಿನಲ್ಲಿ ಅಥವಾ DRC-03 ಮೂಲಕ ಕಟ್ಟಬೇಕು. ಜೊತೆಗೆ ಏಪ್ರಿಲ್ 1ರಿಂದ ಕಟ್ಟುವ ದಿನದವರೆಗೆ ವರ್ಷಕ್ಕೆ ಶೇ. 18ರಂತೆ ಬಡ್ಡಿ. ಸೆಪ್ಟೆಂಬರ್ 20ರಂದು ಕಟ್ಟಿದರೆ 173 ದಿನಕ್ಕೆ ಸುಮಾರು 5,119 ರೂಪಾಯಿ. ಏಪ್ರಿಲ್‌ನಲ್ಲೇ ಲೆಕ್ಕ ಮುಗಿಸಿದವನಿಗೆ ಈ ಬಡ್ಡಿಯ ಬಹುಭಾಗ ಉಳಿಯುತ್ತದೆ. ತಿಂಗಳುಗಳಲ್ಲಿ ಹೆಚ್ಚು ಹಿಂತಿರುಗಿಸಿದ್ದರೆ ಆ ಹೆಚ್ಚಿನದ್ದನ್ನು ಅದೇ ಸೆಪ್ಟೆಂಬರ್ ಒಳಗೆ ಜಮೆಯಾಗಿ ವಾಪಸು ತೆಗೆದುಕೊಳ್ಳಬಹುದು. ಗಡುವು ದಾಟಿದರೆ ನಿಯಮದಲ್ಲಿ ಅದಕ್ಕೆ ದಾರಿಯಿಲ್ಲ.

ಸುಟ್ಟದ್ದು, ಕೊಳೆತದ್ದು, ಲೆಕ್ಕದಿಂದ ಹೊಡೆದದ್ದು

ಹತ್ತಿಯ ವ್ಯಾಪಾರದಲ್ಲಿ ಬೆಂಕಿ ಎಂದೂ ದೂರವಿಲ್ಲ. ಜಿನ್ನಿನ ಹಲ್ಲಿಗೆ ಕಲ್ಲೋ ಕಬ್ಬಿಣದ ಚೂರೋ ತಾಗಿ ಕಿಡಿ ಹಾರಿದರೆ ಸಾಕು. ತೇವ ಉಳಿದ ಕಾಳಿನ ರಾಶಿ ಒಳಗೊಳಗೇ ಕಾವೇರಿ ಕೆಡುತ್ತದೆ. 17(5)ರ ಎಚ್ ಖಂಡ ಹೇಳುವುದು ಇಷ್ಟು: ಕಳೆದುಹೋದ, ಕಳುವಾದ, ನಾಶವಾದ, ಲೆಕ್ಕದಿಂದ ವಜಾ ಮಾಡಿದ, ಉಡುಗೊರೆಯಾಗಿ ಅಥವಾ ಉಚಿತ ಮಾದರಿಯಾಗಿ ಕೊಟ್ಟ ಸರಕಿಗೆ ಜಮೆ ಇಲ್ಲ. ವ್ಯಾಪಾರಿಯ ತಪ್ಪಿದೆಯೋ ಇಲ್ಲವೋ ಎಂದು ಅದು ಕೇಳುವುದಿಲ್ಲ.

ಆದರೆ ಅದು ಮಾತಾಡುವುದು ಸರಕಿನ ಬಗ್ಗೆ, ಬೆಲೆಯ ಬಗ್ಗೆ ಅಲ್ಲ. ಕಾಳಿನ ದರ ಬಿದ್ದು ಮಾರ್ಚ್ 31ರಂದು ದಾಸ್ತಾನಿನ ಮೌಲ್ಯವನ್ನು ಇಳಿಸಿ ಬರೆದರೆ ಸರಕು ಗೋದಾಮಿನಲ್ಲೇ ಇದೆ, ನಾಳೆ ಅರೆಯಬಹುದು, ಆದ್ದರಿಂದ ರಿವರ್ಸಲ್ ಇಲ್ಲ. ಹಳೆಯ ಸೆನ್‌ವ್ಯಾಟ್ ನಿಯಮದಲ್ಲಿ ಭಾಗಶಃ ವಜಾ ಮಾಡಿದ್ದನ್ನೂ ಹಿಡಿಯುವ ಮಾತಿತ್ತು. ಜಿಎಸ್‌ಟಿ ಅದನ್ನು ಎತ್ತಿಕೊಂಡಿಲ್ಲ. ಅರ್ಧ ಬೆಂದ ಕಾಳನ್ನು ಗೊಬ್ಬರಕ್ಕೆಂದು ಕಡಿಮೆ ಬೆಲೆಗೆ ಮಾರಿದರೆ ಅದು ಮಾರಾಟ, ನಾಶವಾದದ್ದಲ್ಲ. ಎಷ್ಟು ಮಾರಾಟವಾಯಿತು, ಎಷ್ಟು ಬೂದಿಯಾಯಿತು ಎಂಬ ತೂಕದ ಚೀಟಿ ಇಲ್ಲಿ ಹಣದಷ್ಟೇ ಬೆಲೆಯುಳ್ಳದ್ದು.

ತಯಾರಿಕೆಯಲ್ಲಿ ಸಹಜವಾಗಿ ಆಗುವ ನಷ್ಟವೂ ಈ ಖಂಡಕ್ಕೆ ಬರುವುದಿಲ್ಲ. ನೂರು ಕ್ವಿಂಟಲ್ ಕಾಳು ಕೊಂಡು ತೊಂಬತ್ತೈದು ಕ್ವಿಂಟಲ್ ಎಣ್ಣೆ ಹಿಂಡಿ ತೋರಿಸಿದ್ದೀರಿ, ಉಳಿದ ಐದರ ಜಮೆ ಕಟ್ಟಿ ಎಂದು ನೋಟಿಸು ಬಂದರೆ ಅದಕ್ಕೆ ಉತ್ತರವಿದೆ. ಎ.ಆರ್.ಎಸ್. ಸ್ಟೀಲ್ಸ್ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟು 2021ರ ಜೂನ್‌ನಲ್ಲಿ, ಉಕ್ಕು ಕರಗಿಸುವಾಗ ಆಗುವ ನಷ್ಟ ತಯಾರಿಕೆಯ ಒಳಗಿನದೇ, ಅದಕ್ಕೆ ಎಚ್ ಖಂಡ ಅನ್ವಯಿಸದು ಎಂದಿತು. ಕಾಳಿನ ತೇವ, ದೂಳು, ಹೊಟ್ಟಿನ ನಷ್ಟಕ್ಕೂ ಇದೇ ತರ್ಕ ಹೊಂದುತ್ತದೆ. ಆದರೆ ನಷ್ಟ ಆ ಹಂಗಾಮಿನ ವಾಡಿಕೆಯ ಮಟ್ಟದಲ್ಲಿದೆ ಎಂದು ತೋರಿಸಲು ದಿನದಿನದ ಅರೆತದ ಪುಸ್ತಕ ಬೇಕು. ಪ್ರತಿ ತಿಂಗಳೂ ನೂರಕ್ಕೆ ಐದು ಹೋಗುತ್ತಿದ್ದ ಮಿಲ್ಲಿನಲ್ಲಿ ಒಂದು ತಿಂಗಳು ಹದಿನೈದು ಹೋಗಿದ್ದರೆ ಅದನ್ನು ಸಹಜ ಎನ್ನಲಾಗದು.

ಎರಡೂ ಒಟ್ಟಿಗೆ ಬಂದಾಗ

ಹತ್ತಿಕಾಳಿನ ಮಿಲ್ಲಿನಲ್ಲಿ ಬೆಂಕಿ ಬಿದ್ದಾಗ ಆಗುವ ತಪ್ಪು ಬಹಳ ಸಲ ಮಿಲ್ಲಿಗೇ ನಷ್ಟ ತರುತ್ತದೆ. ಸುಟ್ಟ ಕಾಳಿನ ಜಮೆಯ ಒಂದು ಭಾಗ ಆಗಲೇ D1 ಮೂಲಕ ಹಿಂತಿರುಗಿಹೋಗಿರುತ್ತದೆ. ಅದನ್ನು ಮರೆತು ಪೂರ್ತಿ ಜಮೆಯನ್ನು ಮತ್ತೆ ಕಟ್ಟಿದರೆ ಅದೇ ತೆರಿಗೆ ಎರಡು ಸಲ ಹೋದಂತೆ.

ಮೇಲಿನ ವರ್ಷದ ಉದಾಹರಣೆಗೇ ಮರಳೋಣ. ನವೆಂಬರ್‌ನಲ್ಲಿ ಕೊಂಡ 10,00,000 ರೂಪಾಯಿಯ ಕಾಳು ಫೆಬ್ರವರಿಯಲ್ಲಿ ಸುಟ್ಟಿತು. ಅದರ ತೆರಿಗೆ 50,000. ಖರೀದಿಯ ತಿಂಗಳಲ್ಲಿ ಅದು ಸಾಮಾನ್ಯ ಜಮೆಯೊಳಗೆ ಸೇರಿ ಭಾಗವಾಗಿತ್ತು. ಸುಟ್ಟ ಮೇಲೆ ಅದರ ಜಾಗ T3. ವರ್ಷದ ತಾಳೆಯಲ್ಲಿ 50,000ವನ್ನು T3ಗೆ ಸರಿಸಿದರೆ C2 23,50,000ಕ್ಕೆ ಇಳಿಯುತ್ತದೆ. ಅದರ ಶೇ. 60 ಎಂದರೆ 14,10,000. T3ಯ 50,000 ಸೇರಿಸಿದರೆ ಒಟ್ಟು 14,60,000. ಸರಿಸದೆ, ಹಳೆಯ 14,40,000ದ ಮೇಲೆ 50,000 ಕೂಡಿಸಿಬಿಟ್ಟರೆ 14,90,000 ಆಗುತ್ತದೆ. ಮೂವತ್ತು ಸಾವಿರ ವೃಥಾ ಹೋಯಿತು. ಫೆಬ್ರವರಿಯಲ್ಲೇ ಪೂರ್ತಿ 50,000 ಕಟ್ಟಿದ್ದರೂ ತೊಂದರೆಯಿಲ್ಲ, ವರ್ಷದ ತಾಳೆಯಲ್ಲಿ C2 ಇಳಿಸಲು ನೆನಪಿದ್ದರೆ ಆ ಹಣ ಮರಳುತ್ತದೆ. ಸುಟ್ಟ ಕಾಳು ಹಿಂದಿನ ವರ್ಷದ ಖರೀದಿಯಾಗಿದ್ದರೆ ಆ ವರ್ಷದ ಅಂತಿಮ ಪ್ರಮಾಣದಲ್ಲಿ ಆಗಲೇ ಹೋದದ್ದನ್ನು ಬಿಟ್ಟು ಉಳಿದ ಭಾಗಕ್ಕೆ ರಿವರ್ಸಲ್ ಮಾಡುವುದೇ ತರ್ಕಕ್ಕೆ ಒಪ್ಪುವ ದಾರಿ. ಯಾವ ಬಿಲ್ಲಿನ ಕಾಳು ಸುಟ್ಟಿತು ಎಂದು ತೋರಿಸುವ ಕಾಗದ ಅದಕ್ಕೆ ಆಧಾರ.

ರಿವರ್ಸಲ್ ಬಿಟ್ಟುಹೋದದ್ದು ಇಲಾಖೆಗೆ ಗೊತ್ತಾಗುವ ದಾರಿಗಳು ಸರಳ. GSTR-3Bಯ 3.1(c)ಯಲ್ಲಿ ಲಕ್ಷಗಟ್ಟಲೆ ವಿನಾಯಿತಿ ಮಾರಾಟ ಇದ್ದು 4(B)(1) ಸೊನ್ನೆ ಇದ್ದರೆ ಗಣಕಯಂತ್ರವೇ ಅದನ್ನು ಎತ್ತಿ ತೋರಿಸುತ್ತದೆ, ASMT-10 ನೋಟಿಸು ಬರುತ್ತದೆ. ಬೆಂಕಿಯ ವಿಷಯ ಲಾಭನಷ್ಟ ಪಟ್ಟಿಯಲ್ಲಿ ವಿಮೆಯ ಹಣವಾಗಿ ಕಾಣಿಸಿಕೊಳ್ಳುತ್ತದೆ. ವಿಮೆಯ ಪರಿಹಾರದ ಮೇಲೆ ಜಿಎಸ್‌ಟಿ ಇಲ್ಲ, ಅದು ಮಾರಾಟವಲ್ಲ. ಆದರೆ ಪರಿಹಾರ ಬಂದಿದೆ ಎಂದರೆ ಸರಕು ಹೋಗಿದೆ ಎಂದೇ ಅರ್ಥ, ಮುಂದಿನ ಪ್ರಶ್ನೆ ಜಮೆಯ ಬಗ್ಗೆಯೇ. ತಪ್ಪಾಗಿ ಪಡೆದು ಬಳಸಿಯೂ ಬಿಟ್ಟ ಜಮೆಗೆ 50ನೇ ಕಲಮಿನ ಪ್ರಕಾರ ಶೇ. 18 ಬಡ್ಡಿ ಬೀಳುತ್ತದೆ. ಪಡೆದು ಬಳಸದೆ ಖಾತೆಯಲ್ಲೇ ಇಟ್ಟಿದ್ದರೆ ಬಡ್ಡಿ ಇಲ್ಲ. 2022ರ ಹಣಕಾಸು ಕಾಯ್ದೆ ಈ ಭೇದವನ್ನು 2017ರ ಜುಲೈ 1ರಿಂದಲೇ ಅನ್ವಯವಾಗುವಂತೆ ಬರೆದಿದೆ.

ವಿಮೆಯ ಮೊತ್ತವನ್ನು ಗೊತ್ತುಮಾಡುವಾಗಲೂ ಈ ಲೆಕ್ಕ ಬೇಕು. ಸುಟ್ಟ ಕಾಳಿನ ತೆರಿಗೆ ಜಮೆಯಾಗಿ ಉಳಿಯುವುದಿಲ್ಲವಾದ್ದರಿಂದ ಮಿಲ್ಲಿಗೆ ಆದ ನಷ್ಟ ಹತ್ತು ಲಕ್ಷವಲ್ಲ, ಹತ್ತೂವರೆ ಲಕ್ಷ. ದಾಸ್ತಾನನ್ನು ತೆರಿಗೆ ಬಿಟ್ಟ ಬೆಲೆಗೆ ಮಾತ್ರ ವಿಮೆ ಮಾಡಿಸಿದ್ದರೆ ಆ ಐವತ್ತು ಸಾವಿರ ಪಾಲಿಸಿಯ ಹೊರಗೆ ಉಳಿಯುತ್ತದೆ. ತೆರಿಗೆ ಸೇರಿಸಿ ಮಾಡಿಸಿದ್ದರೆ ಸರ್ವೇಯರ್ ಸಾಮಾನ್ಯವಾಗಿ ರಿವರ್ಸಲ್ ಆಗಿದೆ ಎಂಬ ಪುರಾವೆ ಕೇಳುತ್ತಾರೆ. ಆ ತಿಂಗಳ GSTR-3Bಯ ಪ್ರತಿ, 4(B)(1)ರ ಮೊತ್ತ ಹೇಗೆ ಬಂತು ಎಂಬ ಕೆಲಸದ ಹಾಳೆ, ಅಗ್ನಿಶಾಮಕ ದಳದ ಪ್ರಮಾಣಪತ್ರ ಮತ್ತು ಸುಟ್ಟ ಕಾಳಿನ ಖರೀದಿ ಬಿಲ್ಲುಗಳು ಆಗ ಒಂದೇ ಕಡತದಲ್ಲಿ ಇರಬೇಕು.